ಚಿತ್ರ ಮಾಡುವ ಎಐ ಆಪ್, 14 ತಿಂಗಳ ಬಳಕೆ: ಗ್ರೈಂಡರ್ ಫಳಫಳ, ಪ್ಲಗ್ ಮಾತ್ರ ಯಾವ ದೇಶದ್ದೋ!

ನಮ್ಮದು ತುಮಕೂರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಮೊಳೆ, ಬೋಲ್ಟು, ಪೈಪಿನ ಜೊತೆಗೆ ಪವರ್ ಟೂಲ್ಸ್ ಕೂಡ ಮಾರುತ್ತೇವೆ. ಈಗ ಗಿರಾಕಿಗಳು ಅಂಗಡಿ ಹತ್ತುವ ಮೊದಲೇ ವಾಟ್ಸಾಪಿನಲ್ಲಿ "ಅಣ್ಣ, ಫೋಟೋ ಹಾಕಿ" ಅನ್ನುತ್ತಾರೆ. ಮೊದಲು ಕೌಂಟರ್ ಮೇಲಿಟ್ಟು ಟ್ಯೂಬ್‌ಲೈಟ್ ಕೆಳಗೆ ಹೊಡೆದ ಫೋಟೋ ಕಳಿಸುತ್ತಿದ್ದೆ. ಅದರಲ್ಲಿ ಡ್ರಿಲ್ಲಿಗಿಂತ ಹಿಂದೆ ನೇತಾಡುವ ಕ್ಯಾಲೆಂಡರೇ ಚೆನ್ನಾಗಿ ಬರುತ್ತಿತ್ತು. ಕೊನೆಗೆ ಕ್ಯಾಟಲಾಗ್ ಚಿತ್ರ ಮಾಡಿಕೊಡುವ ಒಂದು ಎಐ ಆಪ್‌ಗೆ ತಿಂಗಳಿಗೆ 700 ರೂಪಾಯಿ ಕಟ್ಟಲು ಶುರು ಮಾಡಿದೆ. ಆಪ್ ಹೆಸರು ಬೇಡ. ಹೇಳಬೇಕಾಗಿರುವುದು ಪ್ಲಗ್ ಕಥೆ.

ಮೊದಲ ವಾರ ಖುಷಿಯೋ ಖುಷಿ. 4 ಇಂಚಿನ ಗ್ರೈಂಡರ್ ಬೇಕು ಅಂತ ಬರೆದರೆ ಅರ್ಧ ನಿಮಿಷದಲ್ಲಿ ಚಿತ್ರ ರೆಡಿ. ಗೇರ್ ಹೆಡ್ ಮೇಲೆ ಬೆಳಕಿನ ಗೆರೆ, ಹಿಂದೆ ಮಸುಕು ಮಸುಕಾದ ವರ್ಕ್‌ಶಾಪ್. ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿದ್ದೇ ತೋರಿಸಿದ್ದು.

ಎರಡನೇ ತಿಂಗಳು ಶಿರಾ ಕಡೆಯ ಒಬ್ಬ ಫ್ಯಾಬ್ರಿಕೇಶನ್ ಹುಡುಗ ಗ್ರೈಂಡರ್ ವಾಪಸ್ ತಂದ. ಡಬ್ಬಿ ಸಮೇತ. "ಅಣ್ಣ, ಫೋಟೋದಲ್ಲಿ ಮೂರು ಪಿನ್ ಇತ್ತು. ಇದರಲ್ಲಿ ಎರಡೇ ಇದೆ. ಅರ್ತ್ ಕಿತ್ತು ಹಾಕಿ ಕೊಟ್ಟಿದ್ದೀರಾ?" ಅಂದ. ಫೋನ್ ತೆಗೆದು ದೊಡ್ಡದು ಮಾಡಿ ನೋಡಿದೆ. ಹೌದು, ಮೂರು ಪಿನ್. ಮೂರೂ ಚಪ್ಪಟೆ! ಇಂಗ್ಲೆಂಡಿನ ಪ್ಲಗ್ಗು. ನಮ್ಮ ಗೋಡೆಯ ಸಾಕೆಟ್ಟಿಗೆ ಅದು ಹೋಗುವುದೇ ಇಲ್ಲ.

ಅವನ ತಪ್ಪೇನಿಲ್ಲ. ಆ ಗ್ರೈಂಡರಿಗೆ ಕಂಪನಿಯೇ ಎರಡು ಪಿನ್ ಕೊಡುತ್ತದೆ. ಅದು ಡಬಲ್ ಇನ್ಸುಲೇಷನ್ ಇರುವ ಮೆಷಿನ್. ಒಳಗಿನ ಕರೆಂಟ್ ಭಾಗಕ್ಕೂ ನಮ್ಮ ಕೈಗೂ ನಡುವೆ ಎರಡು ಪದರದ ರಕ್ಷಣೆ ಇರುತ್ತದೆ, ಹಾಗಾಗಿ ಅರ್ತ್ ವೈರ್ ಹಾಕುವುದಿಲ್ಲ. ಗುರುತು ಬೇಕಾದರೆ ನೇಮ್‌ಪ್ಲೇಟ್ ನೋಡಿ. ಚೌಕದೊಳಗೆ ಇನ್ನೊಂದು ಚೌಕ ಇರುತ್ತದೆ. ಅದನ್ನು ತೋರಿಸಿದ ಮೇಲೆ ಹುಡುಗ ಒಪ್ಪಿ ತೆಗೆದುಕೊಂಡು ಹೋದ. ಆದರೆ ಅವತ್ತು, ಅಲ್ಲಿಯವರೆಗೆ ಕಳಿಸಿದ್ದ ಒಟ್ಟು 40 ಚಿತ್ರಗಳನ್ನು ಕೂತು ನೋಡಿದೆ. ಒಂದರಲ್ಲಿ ಅಮೆರಿಕದ ಚಪ್ಪಟೆ ಕಡ್ಡಿ, ಒಂದರಲ್ಲಿ ಪಿನ್ನೇ ಇಲ್ಲದ ಕಪ್ಪು ಉಂಡೆ, ಇನ್ನೊಂದರಲ್ಲಿ ವೈರು ಹೋಗಿ ಹೋಗಿ ಟೇಬಲ್ಲಿನೊಳಗೇ ಕರಗಿದೆ.

"ಇಂಡಿಯನ್ ಪ್ಲಗ್" ಅಂತ ಬರೆದು ನೋಡಿದೆ. ಈ ಸಲ ಪಿನ್ ದುಂಡಗೆ ಬಂತು, ಮೂರೂ ಒಂದೇ ಗಾತ್ರ. ನಮ್ಮಲ್ಲಿ ಅರ್ತ್ ಪಿನ್ ಉಳಿದ ಎರಡಕ್ಕಿಂತ ದಪ್ಪ, ಉದ್ದ ಕೂಡ. ಉದ್ದ ಇರುವುದರಿಂದ ಪ್ಲಗ್ ಹಾಕುವಾಗ ಮೊದಲು ಅರ್ತ್ ಸೇರುತ್ತದೆ, ತೆಗೆಯುವಾಗ ಕೊನೆಗೆ ಬಿಡುತ್ತದೆ. ಆಪ್‌ಗೆ ಇದೆಲ್ಲ ಎಲ್ಲಿ ಗೊತ್ತು? ಅದು ನೋಡಿದ ಚಿತ್ರಗಳ ಆಕಾರವನ್ನು ಹೋಲುವಂತೆ ಬರೆಯುತ್ತದೆ ಅಷ್ಟೇ. ಪ್ಲಗ್ ಚಿತ್ರದ ಮೂಲೆಯಲ್ಲಿ ಒಂದು ಉಗುರಿನಷ್ಟು ಜಾಗ, ಅಲ್ಲಿ ತಪ್ಪಾದರೆ ಮೇಲ್ನೋಟಕ್ಕೆ ಕಾಣುವುದೂ ಇಲ್ಲ.

ಇದು ಬರೀ ಅಂದದ ವಿಷಯ ಅಲ್ಲ ಅಂತ ಗೊತ್ತಾಗಿದ್ದು 14 ಇಂಚಿನ ಕಟಾಫ್ ಮೆಷಿನ್ ವಿಷಯದಲ್ಲಿ. ನಾವು ಮಾರುವುದು 2200 ವಾಟ್. 230 ವೋಲ್ಟಿಗೆ ಭಾಗಿಸಿದರೆ ಒಂಬತ್ತೂವರೆ ಆಂಪಿಯರ್ ಆಯಿತು. ಅದಕ್ಕೆ ದಪ್ಪ ಪಿನ್ನಿನ 16 ಆಂಪಿಯರ್ ಪ್ಲಗ್ಗೇ ಬೇಕು. ಆಪ್ ಬರೆದಿದ್ದು ಮಿಕ್ಸಿಗೆ ಬರುವಂಥ ಪುಟಾಣಿ ಪ್ಲಗ್. ಆ ಚಿತ್ರ ನಂಬಿದವನು 6 ಆಂಪಿಯರ್ ಎಕ್ಸ್‌ಟೆನ್ಷನ್ ಬಾಕ್ಸ್ ಹಿಡಿದುಕೊಂಡು ಸೈಟಿಗೆ ಹೋಗುತ್ತಾನೆ. ಅಲ್ಲಿ ಪ್ಲಗ್ ಕೂರುವುದಿಲ್ಲ. ಯಾರೋ ಪಿನ್ ಬದಲಿಸಿ ಓಡಿಸಿದರೆ ಬಾಕ್ಸ್ ಬಿಸಿಯಾಗಿ ಕರಗುತ್ತದೆ. ಆ ಚಿತ್ರ ಅವತ್ತೇ ಅಳಿಸಿದೆ.

ಆಮೇಲೆ ಆಪ್‌ಗೆ ಮೆಷಿನ್ ಬರೆಯಲು ಬಿಡಲಿಲ್ಲ. ಮೆಷಿನ್ ಫೋಟೋ ನನ್ನದೇ, ಹಿನ್ನೆಲೆ ಮಾತ್ರ ಅದರದ್ದು. ವಿಚಿತ್ರ ಅಂದರೆ, ಆಪ್ ಮೇಲಿನ ಸಿಟ್ಟಿನಿಂದ ಶುರುವಾದ ಈ ಫೋಟೋ ಕೆಲಸ ಈಗ ನನಗೆ ಕಾಫಿಗಿಂತ ಇಷ್ಟ.

ಬೆಳಗ್ಗೆ ಏಳೂವರೆಗೆ ಶಟರ್ ಅರ್ಧ ಎತ್ತುತ್ತೇನೆ. ಎಡಗಡೆ ಕಿಟಕಿಗೆ ಬಟರ್ ಪೇಪರ್ ಅಂಟಿಸಿದ್ದೇನೆ, ಬಿಸಿಲು ಹಾಲಿನ ಹಾಗೆ ಒಳಗೆ ಬರುತ್ತದೆ. ಬಲಗಡೆ ಒಂದು ಥರ್ಮೊಕೋಲ್ ಶೀಟ್. ಕ್ರೋಮ್ ಸ್ಪ್ಯಾನರ್ ಅಂದರೆ ಕನ್ನಡಿಯೇ, ಅದರ ಮುಂದೆ ಏನಿದೆಯೋ ಅದೇ ಅದರಲ್ಲಿ ಕಾಣುತ್ತದೆ. ಥರ್ಮೊಕೋಲ್ ಇಟ್ಟರೆ ಬಿಳಿ ಹೊಳಪು ಸಿಗುತ್ತದೆ. ಆದರೆ ಸುತ್ತ ಬರೀ ಬಿಳಿಯೇ ಇದ್ದರೆ ಸ್ಪ್ಯಾನರ್ ಸೀಸದ ಹಾಗೆ ಸಪ್ಪೆ. ಅದಕ್ಕೇ ಪಕ್ಕದಲ್ಲಿ ಎರಡು ಬೆರಳಗಲದ ಕಪ್ಪು ಚಾರ್ಟ್ ಪೇಪರ್ ನಿಲ್ಲಿಸುತ್ತೇನೆ. ಅಂಚಿಗೆ ಒಂದು ಕಪ್ಪು ಗೆರೆ ಬಂದು ಕೂರುತ್ತದೆ, ತಕ್ಷಣ ಅದು ಉಕ್ಕು ಅನಿಸುತ್ತದೆ. ಪೇಪರನ್ನು ಒಂದಿಂಚು ಆಚೆ ಈಚೆ ಸರಿಸುತ್ತಾ ಆ ಗೆರೆ ಓಡಾಡುವುದನ್ನು ನೋಡುವುದೇ ಒಂದು ಮಜಾ.

ರಬ್ಬರ್ ಹಿಡಿ ಬೇರೆ ಥರ. ಅದು ಬೆಳಕನ್ನು ನುಂಗುತ್ತದೆ. ಮೇಲಿಂದ ಬೆಳಕು ಬಿದ್ದರೆ ಕಪ್ಪು ತೂತಿನ ಹಾಗೆ ಕಾಣುತ್ತದೆ. ಬೆಳಕು ಪಕ್ಕದಿಂದ, ತಗ್ಗಿನಿಂದ ಬಂದರೆ ಮಾತ್ರ ಹಿಡಿಯ ಉಬ್ಬುಗೆರೆಗಳು ಎದ್ದು ಕಾಣುತ್ತವೆ. ಡಬ್ಬಿಯ ರಟ್ಟಿನ ಪುಡಿ ಅಂಟಿರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಕು. ಎಣ್ಣೆ ಹಚ್ಚಬೇಡಿ, ಫೋಟೋದಲ್ಲಿ ರಬ್ಬರ್ ಹೋಗಿ ಪ್ಲಾಸ್ಟಿಕ್ ಹಾಗೆ ಕಾಣುತ್ತದೆ. ಆಪ್ ಬರೆದ ಹಿಡಿಗಳೂ ಹಾಗೇ ಇದ್ದವು, ಎಣ್ಣೆ ಸ್ನಾನ ಮಾಡಿದ ಹಾಗೆ. ಇನ್ನೊಂದು, ಕಪ್ಪು ಹಿಡಿ ಕಂಡ ಕೂಡಲೇ ಫೋನ್ ತಾನಾಗಿ ಬೆಳಕು ಜಾಸ್ತಿ ಮಾಡುತ್ತದೆ, ಲೋಹ ಬೆಳ್ಳಗೆ ಸುಟ್ಟುಹೋಗುತ್ತದೆ. ಪರದೆಯಲ್ಲಿ ಲೋಹದ ಮೇಲೆ ಒತ್ತಿ ಹಿಡಿದು, ಬೆಳಕನ್ನು ಸ್ವಲ್ಪ ಕೆಳಗೆ ಎಳೆಯಿರಿ.

ಪ್ಲಗ್ಗನ್ನು ಮುಂದೆ ತಂದು, ಪಿನ್ ಕ್ಯಾಮೆರಾ ಕಡೆ ತಿರುಗಿಸಿ ಇಡುತ್ತೇನೆ. ಈಗ ಅದೇ ನಮ್ಮ ಅಂಗಡಿಯ ಗುರುತು.

ಹಿನ್ನೆಲೆಗೆ ಆಪ್ ಒಳ್ಳೆಯದೇ, ಸುಳ್ಳು ಹೇಳಬಾರದು. ಆದರೆ ತಾನಾಗಿ ಬಿಟ್ಟರೆ ಪಾಲಿಶ್ ಹಾಕಿದ ಮರದ ಟೇಬಲ್, ಗೋಡೆಗೆ ಸಾಲಾಗಿ ನೇತುಹಾಕಿದ ಉಳಿ ಸುತ್ತಿಗೆ ಬರುತ್ತದೆ. ಅಂಥ ಶೆಡ್ ನಮ್ಮ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಾನಂತೂ ನೋಡಿಲ್ಲ. ಈಗ ಸ್ನೇಹಿತನ ಶೆಡ್ಡಿನ ಫೋಟೋವನ್ನೇ ಮಾದರಿಯಾಗಿ ಕೊಡುತ್ತೇನೆ: ಸಿಮೆಂಟ್ ನೆಲ, ರೆಡ್ ಆಕ್ಸೈಡ್ ಬಳಿದ ಕಬ್ಬಿಣದ ಆಂಗಲ್, ವೆಲ್ಡಿಂಗ್ ಕಿಡಿ ಬಿದ್ದ ಕಲೆ. ಬೆಳಕು ಎಡಗಡೆಯಿಂದ ಅಂತಲೂ ಬರೆಯಬೇಕು, ಇಲ್ಲದಿದ್ದರೆ ಮೆಷಿನ್ ನೆರಳು ಒಂದು ಕಡೆ, ಶೆಡ್ಡಿನ ನೆರಳು ಇನ್ನೊಂದು ಕಡೆ. "ಬೆಳಕು ಹೊಂದಿಸು" ಅನ್ನುವ ಆಯ್ಕೆ ಮಾತ್ರ ಒತ್ತಬೇಡಿ. ಅದು ಇಡೀ ಮೆಷಿನ್ನನ್ನೇ ಮತ್ತೆ ಬರೆದು, ನೇಮ್‌ಪ್ಲೇಟಿನ ಅಕ್ಷರಗಳನ್ನು ಇರುವೆ ಸಾಲು ಮಾಡುತ್ತದೆ.

ಕಿಡಿ ಅಂದರೆ ಅದಕ್ಕೆ ಪ್ರಾಣ. ಕೇಳದಿದ್ದರೂ ಹಾಕುತ್ತದೆ. ಒಂದು ಚಿತ್ರದಲ್ಲಿ ಗ್ರೈಂಡರ್ ಸುಮ್ನೆ ಟೇಬಲ್ ಮೇಲೆ ಮಲಗಿದೆ, ನನ್ನ ಎರಡು ಪಿನ್ ಪ್ಲಗ್ ಪಕ್ಕದಲ್ಲೇ ಬಿದ್ದಿದೆ, ಆದರೂ ವೀಲಿನಿಂದ ದೀಪಾವಳಿ!

5ಕ್ಕೆ 3 ಕೊಡುತ್ತೇನೆ. ದಿನಕ್ಕೆ ನೂರು ಚಿತ್ರ ಬೇಕಾದವರಿಗೆ 700 ರೂಪಾಯಿ ಜಾಸ್ತಿಯಲ್ಲ. ನನಗೆ ವಾರಕ್ಕೆ ಎಂಟೋ ಹತ್ತೋ ಸಾಕು, ಬರುವ ತಿಂಗಳಿಂದ 250ರ ಪ್ಲಾನಿಗೆ ಇಳಿಯುತ್ತಿದ್ದೇನೆ. ಉಳಿದ ದುಡ್ಡಲ್ಲಿ ಹೊಸ ಥರ್ಮೊಕೋಲ್ ತರಬೇಕು, ಹಳೆಯದರ ಮೂಲೆಯನ್ನು ಇಲಿ ಕಚ್ಚಿದೆ. ಸ್ಪ್ಯಾನರಿನ ಹೊಳಪಿನಲ್ಲಿ ಆ ಕಚ್ಚಿದ ಗುರುತೂ ಕಾಣುತ್ತದೆ.