ಮೆಟ್ಟಿಲೇರಿದರೆ ಏದುಸಿರು: ಚೇತರಿಕೆಯೋ, ರಕ್ತಹೀನತೆಯೋ, ಶ್ವಾಸಕೋಶವೋ?

ಕೋವಿಡ್ ವಾಸಿಯಾಗಿ ಮೂರು ತಿಂಗಳಾದರೂ ಎರಡನೇ ಮಹಡಿಗೆ ಏದುಸಿರೇ? ಹತ್ತುವ ಮುಂಚೆ ಮತ್ತು ಹತ್ತಿದ ಕೂಡಲೇ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿ. (ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಅಂಕಿ ನಂಬಬೇಡಿ.)

97 ಇದ್ದದ್ದು 93ಕ್ಕೆ ಇಳಿದರೆ ಮೊದಲ ಅನುಮಾನ ಶ್ವಾಸಕೋಶದ ಮೇಲೆ. ಇಳಿಯದಿದ್ದರೂ ಕೆಮ್ಮು, ಗೊರಗೊರ ಸದ್ದು ಇದ್ದರೆ ಅದನ್ನು ಕೈಬಿಡುವಂತಿಲ್ಲ.

ರಕ್ತಹೀನತೆಯಲ್ಲಿ ಈ ಯಂತ್ರ ಮೋಸ ಮಾಡುತ್ತದೆ. ಇರುವಷ್ಟು ಹಿಮೋಗ್ಲೋಬಿನ್ ಆಮ್ಲಜನಕ ತುಂಬಿಕೊಂಡಿರುತ್ತದೆ, ಹಾಗಾಗಿ 98 ತೋರಿಸುತ್ತದೆ. ಆದರೆ ಹಿಮೋಗ್ಲೋಬಿನ್ನೇ ಕಡಿಮೆ, ಹೃದಯ ಓಡೋಡಿ ಸರಿದೂಗಿಸುತ್ತದೆ. ಸಿಬಿಸಿ ಎಂಬ ರಕ್ತಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್ ಹೆಂಗಸರಿಗೆ 12, ಗಂಡಸರಿಗೆ 13 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ.

ಎರಡೂ ಸರಿಯಿದ್ದು, ವಾರವಾರಕ್ಕೆ ಸುಧಾರಿಸುತ್ತಿದ್ದರೆ ನಿಧಾನ ಚೇತರಿಕೆ ಎನ್ನಬಹುದು. ಸುಧಾರಿಸದಿದ್ದರೆ ಹೃದಯವನ್ನೂ ನೋಡಿಸಬೇಕು. ಎದೆನೋವು, ಒಂದೇ ಕಾಲಿನ ಊತ, ಕೂತಲ್ಲೇ ಉಬ್ಬಸ ಇದ್ದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.