ಬಳಲಿದಾಗ ಓದಿ ನೋಡಿದ ನಾಲ್ಕು ಪುಸ್ತಕಗಳು

ಕಳೆದ ವರ್ಷ ಅಕ್ಟೋಬರ್ ಮೊದಲ ವಾರದ ಒಂದು ಬೆಳಿಗ್ಗೆ, ಪತ್ರಿಕೆಯ ಒಂದೇ ಸುದ್ದಿಯನ್ನು ಮೂರು ಸಲ ಓದಿದರೂ ನನ್ನ ತಲೆಗೆ ಇಳಿಯಲಿಲ್ಲ. ನಾನು ಲೆಕ್ಕಪರಿಶೋಧಕಿ. ಸೆಪ್ಟೆಂಬರ್ 30ರ ಗಡುವು ಮುಗಿದು ನಾಲ್ಕು ದಿನವಾಗಿತ್ತು, ಮನೆಯವರೆಲ್ಲ ಇನ್ನು ಸುಧಾರಿಸಿಕೊಳ್ಳುತ್ತಾಳೆ ಎಂದುಕೊಂಡಿದ್ದರು. ಆದರೆ ಹತ್ತು ಗಂಟೆ ಮಲಗಿದರೂ ಎದ್ದಾಗ ಮೈ ಭಾರ. ಹಳೆಯ ಕಕ್ಷಿದಾರರ ಫೋನ್ ಬಂದರೆ ಕೋಪ. ಹದಿನೈದು ವರ್ಷ ಮಾಡಿದ ಕೆಲಸ ನನಗೆ ಬರುವುದೇ ಇಲ್ಲವೇನೋ ಎಂಬ ಅನುಮಾನ. ವೈದ್ಯರ ಬಳಿ ಹೋದಾಗ ರಕ್ತಪರೀಕ್ಷೆ ಮಾಡಿಸಿ, ಥೈರಾಯ್ಡ್ ಆಗಲಿ ರಕ್ತಹೀನತೆಯಾಗಲಿ ಇಲ್ಲ ಎಂದು ಖಚಿತಪಡಿಸಿಕೊಂಡ ಮೇಲೆ ಅವರು ಆರು ವಾರದ ರಜೆ ಬರೆದುಕೊಟ್ಟರು. ರಾತ್ರಿ ಮೊಬೈಲ್ ಬದಲು ಪುಸ್ತಕ ಹಿಡಿಯಿರಿ ಎಂದರು. ಯಾವ ಪುಸ್ತಕ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೀಗೆ ಶುರುವಾದ ಓದು ಇದು. ಸುಮಾರು ಮೂರು ತಿಂಗಳು, ರಾತ್ರಿ ಒಂಬತ್ತೂವರೆಯಿಂದ ಇಪ್ಪತ್ತು ನಿಮಿಷ, ಒಂದಾದ ಮೇಲೆ ಒಂದರಂತೆ ನಾಲ್ಕು ಪುಸ್ತಕಗಳು. ಮರುದಿನ ಬೆಳಿಗ್ಗೆ ಒಂದು ಸಣ್ಣ ಡೈರಿಯಲ್ಲಿ ಎರಡೇ ಸಂಗತಿ ಬರೆಯುತ್ತಿದ್ದೆ. ಓದುವಾಗ ಎಷ್ಟು ಸಲ ಹಿಂದಿನ ಸಾಲಿಗೆ ಮರಳಬೇಕಾಯಿತು ಎಂಬುದು ಒಂದು. ಇಂದು ರಾತ್ರಿ ಅದೇ ಪುಸ್ತಕವನ್ನು ಎತ್ತಿಕೊಳ್ಳಲು ಮನಸ್ಸಿದೆಯೇ ಎಂಬುದು ಇನ್ನೊಂದು. ಪುಸ್ತಕ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಬರೆಯಲಿಲ್ಲ. ನಾಲ್ಕೂ ಒಳ್ಳೆಯ ಪುಸ್ತಕಗಳೇ. ನನಗೆ ಬೇಕಾಗಿದ್ದದ್ದು, ಬಳಲಿದವರಿಂದ ಯಾವುದು ಎಷ್ಟು ಕೇಳುತ್ತದೆ ಎಂಬ ಲೆಕ್ಕ.

ಮೊದಲು ಹಿಡಿದದ್ದು ನನ್ನ ಸ್ಥಿತಿಯ ಹೆಸರನ್ನೇ ಹೊತ್ತ ಇಂಗ್ಲಿಷ್ ಪುಸ್ತಕ, ಎಮಿಲಿ ಮತ್ತು ಅಮೀಲಿಯಾ ನಗೋಸ್ಕಿ ಎಂಬ ಅವಳಿ ಸಹೋದರಿಯರ ‘ಬರ್ನ್ಔಟ್’. 2019ರಲ್ಲಿ ಬಂದದ್ದು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಕೂಡ ತನ್ನ ರೋಗಗಳ ವರ್ಗೀಕರಣದಲ್ಲಿ ಈ ಸ್ಥಿತಿಯನ್ನು ವಿವರಿಸಿತು. ಅದರ ಪ್ರಕಾರ ಇದು ರೋಗವಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ. ಲಕ್ಷಣಗಳು ಮೂರು: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಅದರ ಬಗ್ಗೆ ಕಹಿ ಹುಟ್ಟುವುದು, ಕೆಲಸದಲ್ಲಿ ಸಾಮರ್ಥ್ಯ ಕುಗ್ಗಿದಂತಾಗುವುದು. ಮೂರೂ ನನ್ನಲ್ಲಿದ್ದವು.

ಈ ಪುಸ್ತಕದ ಮುಖ್ಯ ಮಾತು ನನಗೆ ತುಂಬ ಉಪಕಾರ ಮಾಡಿದೆ. ಒತ್ತಡ ತರುವ ಸಂಗತಿ ಬೇರೆ, ಮೈಯಲ್ಲಿ ಉಳಿದುಬಿಡುವ ಒತ್ತಡ ಬೇರೆ. ಗಡುವು ಮುಗಿದರೆ ಮೊದಲನೆಯದು ಹೋಗುತ್ತದೆ, ಎರಡನೆಯದು ತಾನಾಗಿ ಹೋಗುವುದಿಲ್ಲ. ನಡಿಗೆ, ನಿಧಾನದ ಉಸಿರಾಟ, ಆಪ್ತರ ಅಪ್ಪುಗೆ, ನಗು, ಚೆನ್ನಾಗಿ ಅತ್ತುಬಿಡುವುದು, ಏನಾದರೊಂದನ್ನು ಕೈಯಾರೆ ಮಾಡುವುದು ಇವುಗಳಿಂದ ಮೈಗೆ ‘ಅಪಾಯ ಮುಗಿಯಿತು’ ಎಂದು ತಿಳಿಸಬೇಕು. ಅಕ್ಟೋಬರ್ ನಾಲ್ಕರಂದು ನನಗೆ ಏಕೆ ಹಾಗಾಯಿತು ಎಂಬುದು ಇದನ್ನು ಓದಿದ ಮೇಲೆ ಅರ್ಥವಾಯಿತು. ದಿನದ ಶೇಕಡಾ 42ರಷ್ಟು, ಅಂದರೆ ಹತ್ತು ಗಂಟೆ, ವಿಶ್ರಾಂತಿಗೆ ಬೇಕು ಎಂದೂ ಅವರು ಹೇಳುತ್ತಾರೆ. ನಿದ್ದೆ, ಊಟ, ಮಾತುಕತೆ, ವ್ಯಾಯಾಮ ಎಲ್ಲವೂ ಅದರಲ್ಲಿ ಸೇರುತ್ತವೆ.

ಅಲ್ಲಿಯೇ ತೊಡಕೂ ಶುರುವಾಯಿತು. ಆ 42 ಓದಿದ ರಾತ್ರಿ ನಾನು ಪೆನ್ಸಿಲ್ ತೆಗೆದುಕೊಂಡು ನನ್ನ ದಿನದ ಗಂಟೆಗಳನ್ನು ಕೂಡಿಸತೊಡಗಿದೆ. ಎಲ್ಲಿ ಕೊರತೆ, ಎಲ್ಲಿ ಹೆಚ್ಚು ಎಂದು ತಾಳೆ ನೋಡಿದೆ. ಮೂರನೆಯ ದಿನಕ್ಕೆ ವಿಶ್ರಾಂತಿಯೂ ತಪ್ಪದೆ ಒಪ್ಪಿಸಬೇಕಾದ ಒಂದು ರಿಟರ್ನ್ ಆಗಿಬಿಟ್ಟಿತ್ತು. ಡೈರಿಯಲ್ಲಿ ಆ ವಾರದ ಬರಹ ಹೀಗಿದೆ: ಹಿಂದಕ್ಕೆ ಮರಳಿದ್ದು ಪುಟಕ್ಕೆ ನಾಲ್ಕೈದು ಸಲ, ಮನಸ್ಸಿಲ್ಲ, ಆದರೆ ಓದಬೇಕು. ಈ ‘ಓದಬೇಕು’ ಎಂಬ ಮಾತೇ ಗುರುತು. ಪುಸ್ತಕ ಓದುತ್ತಿರುವಾಗ ಪೆನ್ಸಿಲ್ ಹುಡುಕಿದರೆ, ದವಡೆ ಬಿಗಿದರೆ, ಇನ್ನೆಷ್ಟು ಪುಟ ಉಳಿದಿದೆ ಎಂದು ತಿರುವಿ ನೋಡಿದರೆ ಆ ಪುಸ್ತಕದ ಹೊತ್ತು ಇನ್ನೂ ಬಂದಿಲ್ಲ. ಅದು ಹೆಚ್ಚಾಗಿ ಹೆಂಗಸರನ್ನೇ ಉದ್ದೇಶಿಸಿ, ಅಮೆರಿಕದ ಬದುಕನ್ನು ಎದುರಿಟ್ಟುಕೊಂಡು ಬರೆದದ್ದು ಎಂಬುದೂ ನೆನಪಿರಲಿ; ಅತ್ತೆ ಮಾವ ಜೊತೆಗಿರುವ ಮನೆಯಲ್ಲಿ ಅದರ ಸಲಹೆಗಳನ್ನು ನಾವೇ ಹೊಂದಿಸಿಕೊಳ್ಳಬೇಕಾಗುತ್ತದೆ. ಮೂರನೇ ಒಂದು ಭಾಗ ಓದಿ ಬದಿಗಿಟ್ಟೆ.

ಎರಡನೆಯದು ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’. ಮೂಡಿಗೆರೆಯ ಕಾಫಿ ತೋಟದ ಬದುಕಿನಿಂದ ಬಂದ ಬಿಡಿ ಬಿಡಿ ಕತೆಗಳು. ಕಿವಿ ಎಂಬ ನಾಯಿ, ತೋಟದ ಸುತ್ತಲಿನ ಜನ, ಹಕ್ಕಿ, ಕಾಡು. ಇದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ, ಅದೇ ಇದರ ಗುಣ. ಎಲ್ಲಿ ಬೇಕಾದರೂ ತೆರೆಯಬಹುದು, ಎಲ್ಲಿ ಬೇಕಾದರೂ ನಿಲ್ಲಿಸಬಹುದು. ನಿನ್ನೆ ಓದಿದ್ದು ಮರೆತುಹೋಗಿದ್ದರೂ ಇಂದಿನ ಕತೆ ಕೆಡುವುದಿಲ್ಲ. ನೆನಪು ಕೈಕೊಡುವ ದಿನಗಳಲ್ಲಿ ಇದು ಎಷ್ಟು ದೊಡ್ಡ ಸಹಾಯ ಎಂಬುದನ್ನು ಬಳಲಿದವರೇ ಬಲ್ಲರು. ಹಿಂದಕ್ಕೆ ಮರಳುವುದು ಎರಡನೆಯ ವಾರಕ್ಕೆ ಪುಟಕ್ಕೆ ಒಂದು ಸಲಕ್ಕೆ ಇಳಿಯಿತು. ಎಷ್ಟೋ ದಿನಗಳ ಮೇಲೆ ನಾನು ಗಟ್ಟಿಯಾಗಿ ನಕ್ಕದ್ದು ಕೇಳಿ ಪಕ್ಕದ ಕೋಣೆಯಿಂದ ಮಗಳು ಎದ್ದು ಬಂದಳು. ಬೇಟೆಯ ಪ್ರಸಂಗಗಳು ಸಹಿಸದವರು ಅವುಗಳನ್ನು ದಾಟಿಕೊಂಡು ಓದಬೇಕು. ಇನ್ನೊಂದು ಎಚ್ಚರಿಕೆ ಇದೆ: ಇದನ್ನು ಓದುತ್ತಿರುವಾಗ ಕೆಲಸ ಬಿಟ್ಟು ಎಲ್ಲಾದರೂ ಒಂದು ತುಂಡು ತೋಟ ಕೊಂಡುಬಿಡೋಣ ಎಂಬ ಆಸೆ ಬಲವಾಗಿ ಏಳುತ್ತದೆ. ಬಳಲಿಕೆಯಲ್ಲಿರುವಾಗ ಅಂಥ ತೀರ್ಮಾನ ಮಾಡಬೇಡಿ. ನಾನು ಆ ಆಸೆಯನ್ನು ಡೈರಿಯಲ್ಲಿ ಬರೆದಿಟ್ಟೆ, ಯಾರಿಗೂ ಹೇಳಲಿಲ್ಲ, ಜನವರಿಯಲ್ಲಿ ಮತ್ತೆ ನೋಡಿದಾಗ ನನಗೆ ನಿಜಕ್ಕೂ ಬೇಕಾಗಿದ್ದದ್ದು ಭಾನುವಾರದ ರಜೆ ಎಂದು ತಿಳಿಯಿತು.

ನವೆಂಬರ್ ನಡುವಿನಲ್ಲಿ ಶಿವರಾಮ ಕಾರಂತರ ‘ಬೆಟ್ಟದ ಜೀವ’ ಹಿಡಿದೆ. ಕಾಲೇಜಿನಲ್ಲಿದ್ದಾಗ ಪರೀಕ್ಷೆಗೆಂದು ಓದಿದ್ದೆ. ಆಗ ಗೋಪಾಲಯ್ಯನವರ ಸಾಹಸ, ಕಾಡು ಕಡಿದು ತೋಟ ಎಬ್ಬಿಸಿದ ಛಲ ಮಾತ್ರ ಕಂಡಿತ್ತು. ಉತ್ತರಪತ್ರಿಕೆಯಲ್ಲಿ ಬರೆದದ್ದೂ ಅದನ್ನೇ. ಈ ಸಲ ಕಣ್ಣಿಗೆ ಬಿದ್ದದ್ದು ಕತೆ ಹೇಳುವವನು. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿ, ದಣಿದು, ಗುರುತಿಲ್ಲದ ಮನೆಗೆ ಬಂದು ಸೇರುವ ಒಬ್ಬ ಅತಿಥಿ ಅವನು. ಗೋಪಾಲಯ್ಯ ಮತ್ತು ಶಂಕರಮ್ಮ ಎಂಬ ಆ ವೃದ್ಧ ದಂಪತಿ ಅವನಿಗೆ ಉಣ್ಣಿಸುತ್ತಾರೆ, ಮಲಗಿಸುತ್ತಾರೆ, ನಾಳೆ ಹೊರಡುತ್ತೇನೆ ಎಂದರೆ ಬಿಡುವುದಿಲ್ಲ. ಅವನು ಆ ಮನೆಗಾಗಿ ಏನನ್ನೂ ಸಾಧಿಸಬೇಕಾಗಿಲ್ಲ. ಇದ್ದರೆ ಸಾಕು. ಓದುತ್ತಾ ಓದುತ್ತಾ ನಾನೂ ಆ ಮನೆಯ ಅತಿಥಿಯಾದೆ. ಎಲ್ಲರಿಗೂ ನಾನೇ ಬಡಿಸಬೇಕು ಎಂಬ ಭಾರದಲ್ಲಿ ವರ್ಷಗಟ್ಟಲೆ ಇದ್ದವಳಿಗೆ, ‘ಕುಳಿತುಕೋ, ನಾವು ಬಡಿಸುತ್ತೇವೆ’ ಎನ್ನುವ ಪುಸ್ತಕ ಇದು.

ನಿಧಾನವಾದ ಕಾದಂಬರಿ. ಘಟನೆ ಕಡಿಮೆ, ನಡಿಗೆ, ಊಟ, ಮಾತು, ಬೆಟ್ಟ. ಹತ್ತು ಪುಟಕ್ಕಿಂತ ಹೆಚ್ಚು ಓದುವ ತವಕ ಹುಟ್ಟಿಸುವುದಿಲ್ಲ. ಹಾಗಾಗಿ ನಿದ್ದೆಯನ್ನು ಕದಿಯುವುದಿಲ್ಲ. ಪತ್ತೇದಾರಿ ಕತೆಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇದು. ಆದರೆ ಇದು ಬರಿಯ ಆರಾಮವಲ್ಲ. ಮನೆ ಬಿಟ್ಟುಹೋದ ಮಗ ಶಂಭುವಿನ ನೋವು ಆ ಆದರದ ಅಡಿಯಲ್ಲೇ ಹರಿಯುತ್ತಿರುತ್ತದೆ. ಒಂದು ರಾತ್ರಿ ಅಲ್ಲಿಗೆ ಬಂದಾಗ, ಊರಿನಲ್ಲಿರುವ ನನ್ನ ಅಪ್ಪನಿಗೆ ಎರಡು ವಾರದಿಂದ ಫೋನ್ ಮಾಡಿಲ್ಲ ಎಂಬುದು ನೆನಪಾಗಿ ಅತ್ತೆ. ತಡೆಯದೆ, ಸಾಕೆನಿಸುವಷ್ಟು ಅತ್ತೆ. ಮರುದಿನ ಡೈರಿಯಲ್ಲಿ ‘ಮೈ ಹಗುರ’ ಎಂದಿದೆ. ನಗೋಸ್ಕಿ ಸಹೋದರಿಯರು ವಿವರಿಸಿದ್ದನ್ನು ಕಾರಂತರು ಮಾಡಿಸಿದ್ದರು. ಮನೆಯ ಹಿರಿಯರನ್ನು ಈಚೆಗೆ ಕಳೆದುಕೊಂಡವರು ಮಾತ್ರ ಈ ಪುಸ್ತಕವನ್ನು ಸ್ವಲ್ಪ ಮುಂದಕ್ಕೆ ಹಾಕುವುದು ಒಳ್ಳೆಯದು.

ಕೊನೆಯದು ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’. ಇದೂ ‘ಬೆಟ್ಟದ ಜೀವ’ದಂತೆ 1943ರಲ್ಲೇ ಅಚ್ಚಾದದ್ದು, 945 ಚೌಪದಿಗಳು. ದಿನಕ್ಕೊಂದು ಪದ್ಯ ಸಾಕಾಗುವುದರಿಂದ ಬಳಲಿದವರಿಗೆ ಇದೇ ಮೊದಲು ಕೊಡಬೇಕಾದ ಪುಸ್ತಕ ಎಂದು ಅನೇಕರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅಕ್ಟೋಬರ್‌ನಲ್ಲಿ ಒಬ್ಬ ಗೆಳತಿ ಸಮಾಧಾನಕ್ಕೆಂದು ‘ಹುಲ್ಲಾಗು ಬೆಟ್ಟದಡಿ’ ಪದ್ಯವನ್ನು ಕಳಿಸಿದ್ದಳು. ಕಷ್ಟದ ಮಳೆಗೆ ಕಲ್ಲಾಗು, ದುರ್ಬಲರಿಗೆ ಬೆಲ್ಲ ಸಕ್ಕರೆಯಾಗು ಎನ್ನುವ ಪದ್ಯ. ಎಷ್ಟು ಸುಂದರವಾದ ಪದ್ಯ! ಆದರೆ ಆ ಹೊತ್ತಿನಲ್ಲಿ ನನಗೆ ಕೇಳಿಸಿದ್ದು ‘ಆಗು, ಆಗು, ಆಗು’ ಎಂಬ ಆಜ್ಞೆ ಮಾತ್ರ. ಎಲ್ಲರಿಗೂ ಬೆಲ್ಲವಾಗಿ ಕರಗಿಯೇ ನಾನು ಹಾಸಿಗೆ ಹಿಡಿದಿದ್ದೆ.

ಡಿಸೆಂಬರ್‌ನಲ್ಲಿ ಮತ್ತೆ ತೆರೆದಾಗ ಕಗ್ಗ ಬೇರೆಯಾಗಿತ್ತು, ಅಂದರೆ ನಾನು ಬೇರೆಯಾಗಿದ್ದೆ. ವ್ಯಾಖ್ಯಾನವಿರುವ ದಪ್ಪ ಪುಸ್ತಕ ಬೇಡವೆಂದು ಮೂಲ ಪದ್ಯಗಳಷ್ಟೇ ಇರುವ ತೆಳ್ಳಗಿನ ಪ್ರತಿ ಇಟ್ಟುಕೊಂಡೆ. ವ್ಯಾಖ್ಯಾನ ಇದ್ದರೆ ನನ್ನಂಥವಳು ಅಧ್ಯಯನಕ್ಕೆ ಇಳಿದುಬಿಡುತ್ತಾಳೆ. ಹಳಗನ್ನಡದ ರೂಪ ತಿಳಿಯದಿದ್ದರೆ ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡುತ್ತಿದ್ದೆ. ನಿವೃತ್ತ ಕನ್ನಡ ಮೇಷ್ಟರು ಅವರು. ಒಂದನ್ನು ಬಿಡಿಸಿ ಹೇಳಿದ ಮೇಲೆ, “ಇನ್ನೊಂದು ಕೇಳಲಾ ಅಪ್ಪ?” ಎಂದರೆ, “ಇವತ್ತಿಗೆ ಒಂದು ಸಾಕಮ್ಮ, ಅದನ್ನೇ ಇಟ್ಟುಕೊಂಡು ಓಡಾಡು” ಎನ್ನುತ್ತಿದ್ದರು. ಹಾಗೆ ಇಟ್ಟುಕೊಂಡು ಓಡಾಡಿದ್ದರಲ್ಲಿ ಜಟಕಾಬಂಡಿಯ ಪದ್ಯವೂ ಒಂದು. ಕುದುರೆಯಾದ ನೀನು ಹೋಗೆಂದ ಕಡೆಗೆ ಓಡು ಎಂಬುದನ್ನು ಎಲ್ಲರೂ ನೆನಪಿಡುತ್ತಾರೆ. ಕೊನೆಯ ಸಾಲು ‘ಪದ ಕುಸಿಯೆ ನೆಲವಿಹುದು’. ಕಾಲು ಕುಸಿದರೆ ಕೆಳಗೆ ನೆಲ ಇದೆ. ಕುಸಿದ ಕುದುರೆಗೆ ಚಾಟಿಯಲ್ಲ, ನೆಲ. ಆ ಒಂದು ಸಾಲಿನೊಂದಿಗೆ ನಾಲ್ಕು ದಿನ ಕಳೆದೆ.

ಹೀಗಾಗಿ ನನ್ನ ಆಯ್ಕೆ ಸ್ಪಷ್ಟವಾಗಿದೆ. ಸಾಲುಗಳು ತಲೆಗೆ ಇಳಿಯದ ಮೊದಲ ವಾರಗಳಿಗೆ ತೇಜಸ್ವಿ, ಹತ್ತು ಪುಟ ನಿಲ್ಲದೆ ಓದಲು ಸಾಧ್ಯವಾದ ಮೇಲೆ ಕಾರಂತ, ನಿದ್ದೆ ಮರಳಿ ಮನಸ್ಸು ತಾನಾಗಿ ಪ್ರಶ್ನೆ ಕೇಳತೊಡಗಿದಾಗ ಕಗ್ಗ. ನಾಲ್ಕರಲ್ಲಿ ಒಂದೇ ಕೊಳ್ಳುವುದಾದರೆ ‘ಬೆಟ್ಟದ ಜೀವ’. ‘ಬರ್ನ್ಔಟ್’ ಪುಸ್ತಕವನ್ನು ಬಳಲಿದವರ ಜೊತೆಗಿರುವವರು ಮೊದಲು ಓದಲಿ. ನಮ್ಮ ಮನೆಯಲ್ಲಿ ನಾನು ಬದಿಗಿಟ್ಟದ್ದನ್ನು ನನ್ನ ಯಜಮಾನರು ಓದಿ ಮುಗಿಸಿ, ಸಂಜೆ ಏನೂ ಹೇಳದೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಲ್ಲತೊಡಗಿದರು. ಅರ್ಧ ಗಂಟೆಯ ಆ ನಡಿಗೆ ನನಗೆ ಸಿಕ್ಕಿದ್ದು ಆ ಪುಸ್ತಕದಿಂದಲೇ.

ಓದು ಕೆಲಸ ಮಾಡದ ಒಂದು ಗೆರೆಯೂ ಇದೆ. ತೇಜಸ್ವಿಯವರ ಒಂದು ಪುಟವೂ ಎರಡು ವಾರ ಸಾಗದಿದ್ದರೆ, ಯಾವುದರಲ್ಲೂ ರುಚಿ ಇಲ್ಲದಿದ್ದರೆ, ಬದುಕೇ ಬೇಡ ಎಂಬ ಯೋಚನೆ ಸುಳಿದರೆ ಅದು ಬಳಲಿಕೆಯನ್ನು ಮೀರಿದ್ದು. ಆಗ ಪುಸ್ತಕ ಬದಲಿಸುತ್ತಾ ಕೂರಬಾರದು. ವೈದ್ಯರ ಬಳಿ ಹೋಗಬೇಕು, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು. ಅಲ್ಲಿ ಕನ್ನಡದಲ್ಲಿ ಮಾತನಾಡಬಹುದು.

ಕೆಲಸಕ್ಕೆ ನಾನು ವಾರಕ್ಕೆ ಮೂರು ದಿನದಂತೆ ಮರಳಿದೆ. ಪ್ರತಿ ತಿಂಗಳ 20ನೆಯ ತಾರೀಖಿನ ಜಿಎಸ್‌ಟಿ ಗಡುವನ್ನು ಈಗ ಕಿರಿಯ ಸಹೋದ್ಯೋಗಿ ನೋಡಿಕೊಳ್ಳುತ್ತಾನೆ. ಹಾಸಿಗೆಯ ಪಕ್ಕದ ಮೇಜಿನ ಮೇಲೆ ಕಗ್ಗವಿದೆ, ಪೆನ್ಸಿಲ್ ಕಚೇರಿಯಲ್ಲೇ ಇರುತ್ತದೆ.