ಫೋನಿಗೆ ನೆಟ್ ಇದೆ, ಪಕ್ಕದ ಕಂಪ್ಯೂಟರಿಗೂ ಇದೆ, ಡಿಸೈನ್ ಮಾಡುವುದಕ್ಕೆ ಮಾತ್ರ ಇಲ್ಲ: ನಮ್ಮ ಸೆಕ್ಯುರಿಟಿ ಪ್ಯಾಕೇಜಿನ ವಿಮರ್ಶೆ

ಗದಗಿನಲ್ಲಿ ನಮ್ಮದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಪಾಂಪ್ಲೆಟ್ ಕೆಲಸ. ಗಿರಾಕಿಗಳು ದಿನಾ ಪೆನ್‌ಡ್ರೈವ್ ತರುತ್ತಾರೆ, ಅದರ ಜೊತೆ ವೈರಸ್ಸೂ ಬರುತ್ತದೆ. ಅದಕ್ಕಾಗಿಯೇ ಹಣ ಕೊಟ್ಟು ಈ ಪ್ಯಾಕೇಜ್ ಹಾಕಿಸಿದ್ದು. ಫೋಲ್ಡರನ್ನು ಅಡಗಿಸಿ ಬರೀ ಶಾರ್ಟ್‌ಕಟ್ ತೋರಿಸುವ ವೈರಸ್ಸನ್ನು ಇದು ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಹಿಡಿಯುತ್ತದೆ. ಆ ಕೆಲಸಕ್ಕೆ ಪೂರ್ತಿ ಮಾರ್ಕ್ಸ್.

ತೊಂದರೆ ಬಂದದ್ದು ಅದರ ಫೈರ್‌ವಾಲ್ ಭಾಗದಿಂದ. ಮದುವೆ ಸೀಸನ್. ಸಂಜೆ ಒಂದು ಅಪ್‌ಡೇಟ್ ಬಂದು ಕೂತಿತು, ಅಂಗಡಿ ಮುಚ್ಚುವಾಗ ಕಂಪ್ಯೂಟರ್ ಶಟ್‌ಡೌನ್ ಆಯಿತು. ಬೆಳಿಗ್ಗೆ ಹುಬ್ಬಳ್ಳಿಯ ಆಫ್‌ಸೆಟ್ ಪ್ರೆಸ್ಸಿಗೆ ಪಿಡಿಎಫ್ ಕಳಿಸಬೇಕು, ಡಿಸೈನ್ ಕಂಪ್ಯೂಟರಿನಲ್ಲಿ ನೆಟ್ಟೇ ಇಲ್ಲ. ಕೌಂಟರಿನ ಕಂಪ್ಯೂಟರ್, ಫೋನುಗಳು, ವೈಫೈ ಪ್ರಿಂಟರ್ ಎಲ್ಲ ಸರಿಯಾಗಿವೆ. ಲೈನ್ ನೋಡಲು ಬಂದ ಹುಡುಗ ಕೇಬಲ್ ತೆಗೆದು ಕೌಂಟರ್ ಕಂಪ್ಯೂಟರಿಗೆ ಹಾಕಿದ, ಅಲ್ಲಿ ನೆಟ್ ಬಂತು. "ಅಣ್ಣಾರ, ಲೈನ್ ಚಲೋ ಐತ್ರಿ. ನಿಮ್ಮ ಸಿಸ್ಟಮ್‌ನ್ಯಾಗ ಏನೋ ಆಗೇತಿ" ಎಂದ. ಅವನ ಮಾತು ಸರಿ. ಕೇಬಲ್, ರೂಟರ್ ಎರಡೂ ಅನುಮಾನದಿಂದ ಹೊರಗೆ ಹೋದವು.

ಉಳಿದದ್ದನ್ನು ಎರಡು ಕಮಾಂಡ್ ಹೇಳಿದವು. ಎರಡನೆಯದರಲ್ಲಿರುವುದು ನಮ್ಮ ರೂಟರಿನ ವಿಳಾಸ.

```
ipconfig
ping 192.168.1.1
```

ಮೊದಲನೆಯದು ಐಪಿ ವಿಳಾಸವನ್ನು ಸರಿಯಾಗಿಯೇ ತೋರಿಸಿತು. ಎರಡನೆಯದಕ್ಕೆ `General failure.` ಎಂದು ಬಂತು. ಇದನ್ನು ಗಮನಿಸಿ. ಕೇಳಿದ್ದಕ್ಕೆ ಆ ಕಡೆಯಿಂದ ಉತ್ತರ ಬರದಿದ್ದರೆ ಸಾಮಾನ್ಯವಾಗಿ `Request timed out.` ಎಂದು ಬರುತ್ತದೆ. `General failure.` ಬಂದರೆ ನಮ್ಮ ಮಾತು ಕಂಪ್ಯೂಟರಿನಿಂದ ಹೊರಗೇ ಬಿದ್ದಿಲ್ಲ, ಒಳಗೇ ಯಾವುದೋ ತಡೆದಿದೆ ಎಂದು ಅರ್ಥ. ಹಿಂದಿನ ಸಂಜೆ ಬದಲಾದದ್ದು ಈ ಪ್ಯಾಕೇಜ್ ಒಂದೇ.

ಹಾಗಾದರೆ ಅದನ್ನು ಸ್ವಲ್ಪ ಹೊತ್ತು ಆಫ್ ಮಾಡಿದರೆ ಆಯ್ತು, ಅಲ್ವಾ? ಆಗಲಿಲ್ಲ. ಆಫ್ ಬಟನ್ ಒತ್ತಿದರೆ ವೈರಸ್ ಹುಡುಕುವುದು ನಿಲ್ಲುತ್ತದೆ. ಆದರೆ ವಿಂಡೋಸ್‌ನ ನೆಟ್‌ವರ್ಕ್ ದಾರಿಯಲ್ಲಿ ಇದು ಕೂರಿಸಿರುವ ಫಿಲ್ಟರ್ ಡ್ರೈವರ್ ಅಲ್ಲೇ ಇರುತ್ತದೆ. ಅದನ್ನು ನೋಡಲು `ncpa.cpl` ತೆರೆಯಬೇಕು. ಈಥರ್ನೆಟ್ ಮೇಲೆ ಬಲ ಕ್ಲಿಕ್ ಮಾಡಿ `Properties` ಒತ್ತಿದರೆ ಟಿಕ್ ಇರುವ ಸಾಲುಗಳು ಕಾಣುತ್ತವೆ. ಅದರಲ್ಲಿ ಕಂಪನಿಯ ಹೆಸರಿನ ಫಿಲ್ಟರ್ ಒಂದಿತ್ತು. ಅದೊಂದರ ಟಿಕ್ ತೆಗೆದು ಓಕೆ ಕೊಟ್ಟ ಕೂಡಲೇ ನೆಟ್ ಬಂತು. `Internet Protocol Version 4` ಸಾಲನ್ನು ಮಾತ್ರ ಮುಟ್ಟಬೇಡಿ. ಕೆಲವು ಪ್ಯಾಕೇಜುಗಳ ಫಿಲ್ಟರ್ ಈ ಪಟ್ಟಿಯಲ್ಲಿ ಕಾಣುವುದಿಲ್ಲ. ಆಗ `Safe Mode with Networking`ನಲ್ಲಿ ಶುರು ಮಾಡಿ ನೋಡಿ. ಅಲ್ಲಿ ಹೊರಗಿನ ಡ್ರೈವರುಗಳು ಬಹುತೇಕ ಏಳುವುದಿಲ್ಲ. ಅಲ್ಲಿ ನೆಟ್ ಬಂದರೆ ಹೊರಗಿನಿಂದ ಹಾಕಿದ ಪ್ರೋಗ್ರಾಮಿನ ಮೇಲೇ ಅನುಮಾನ ಗಟ್ಟಿಯಾಗುತ್ತದೆ.

ಟಿಕ್ ತೆಗೆದದ್ದು ತಾತ್ಕಾಲಿಕ. ಮತ್ತೆ ಕಂಪ್ಯೂಟರ್ ಶುರುವಾದಾಗ ಪ್ಯಾಕೇಜ್ ತಾನೇ ಟಿಕ್ ಹಾಕಿಕೊಂಡಿತು, ನೆಟ್ ಮತ್ತೆ ಹೋಯಿತು. ಸಪೋರ್ಟಿಗೆ ಫೋನ್ ಮಾಡಿದರೆ ಮೊದಲು ರೂಟರ್ ರೀಸೆಟ್ ಮಾಡಿ ಎಂದರು. ಉಳಿದೆಲ್ಲದಕ್ಕೂ ನೆಟ್ ಇರುವಾಗ ರೂಟರ್ ಯಾಕೆ ರೀಸೆಟ್ ಮಾಡಬೇಕು? ಆಮೇಲೆ ಮಾತಾಡಿದ ಮೇಡಂ ವಿಷಯ ಬಲ್ಲವರು. ಪ್ರೋಗ್ರಾಮ್ ಹೊಸದಾಗಿದೆ, ಡ್ರೈವರ್ ಹಳೆಯದೇ ಉಳಿದಿದೆ, ಎರಡಕ್ಕೂ ತಾಳೆಯಾಗುತ್ತಿಲ್ಲ ಎಂದರು. ಕಂಟ್ರೋಲ್ ಪ್ಯಾನಲ್‌ನಿಂದ ತೆಗೆದರೆ ಸಾಲದು, ಕಂಪನಿಯ ರಿಮೂವಲ್ ಟೂಲ್ ಬೇಕು ಎಂದರು. ಅದನ್ನೂ ಹೊಸ ಇನ್‌ಸ್ಟಾಲರನ್ನೂ ಕೌಂಟರ್ ಕಂಪ್ಯೂಟರಿನಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ತಂದೆ. ಲೈಸೆನ್ಸ್ ಕೀ ಮೊದಲೇ ಬರೆದಿಟ್ಟುಕೊಂಡೆ. ಟೂಲ್ ಓಡಿಸಿ ರೀಸ್ಟಾರ್ಟ್ ಮಾಡಿದ ಮೇಲೆ ನೆಟ್ ಸರಿಯಾಯಿತು. ನಡುವಿನ ಹೊತ್ತಿನಲ್ಲಿ ವಿಂಡೋಸ್‌ನ ಡಿಫೆಂಡರ್ ತಾನೇ ಕೆಲಸ ವಹಿಸಿಕೊಂಡಿತು.

ಮೇಡಂ ಹೇಳಿದ ಇನ್ನೊಂದು ವಿಷಯ ಎಲ್ಲರಿಗೂ ಬೇಕಾದದ್ದು. ವಿಂಡೋಸ್ 10 ಮತ್ತು 11ರಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ, ಶಟ್‌ಡೌನ್ ಮಾಡಿದಾಗ ಡ್ರೈವರುಗಳ ಸ್ಥಿತಿ ಡಿಸ್ಕಿನಲ್ಲಿ ಉಳಿದು ಬೆಳಿಗ್ಗೆ ಹಾಗೆಯೇ ಎದ್ದು ಬರುತ್ತದೆ. ಎಲ್ಲ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಮಾಡಿದಾಗ ಮಾತ್ರ. ಅಪ್‌ಡೇಟ್ ಆದ ಮೇಲೆ ಬಂದ ಸೂಚನೆಯಲ್ಲಿ ಈ ಮಾತೇ ಇರಲಿಲ್ಲ. ನನಗೆ ಜಾಸ್ತಿ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಕಂಪ್ಯೂಟರಿನ ಬಾಯಿ ಪೂರ್ತಿ ಕಟ್ಟಿದ್ದಾಗಲೂ ಪ್ಯಾಕೇಜಿನ ಕಿಟಕಿಯಲ್ಲಿ ಹಸಿರು ಟಿಕ್, "ನೀವು ಸುರಕ್ಷಿತ" ಎಂಬ ಮಾತು. ಫೈರ್‌ವಾಲ್ ದಾಖಲೆಯಲ್ಲೂ ತಡೆದದ್ದರ ಬಗ್ಗೆ ಒಂದು ಸಾಲಿಲ್ಲ.

ಈಗ ಕಸ್ಟಮ್ ಇನ್‌ಸ್ಟಾಲ್‌ನಲ್ಲಿ ಫೈರ್‌ವಾಲ್ ಭಾಗ ಬಿಟ್ಟು ವೈರಸ್ ಹಿಡಿಯುವ ಭಾಗ ಮಾತ್ರ ಹಾಕಿದ್ದೇನೆ. ಫೈರ್‌ವಾಲ್ ಕೆಲಸಕ್ಕೆ ವಿಂಡೋಸ್‌ನದೇ ಇದೆ. ಆಮೇಲೆ ಬಂದ ಅಪ್‌ಡೇಟುಗಳು ನೆಟ್ಟಿಗೆ ಅಡ್ಡ ಬಂದಿಲ್ಲ. ಪೆನ್‌ಡ್ರೈವ್ ಕಾವಲಿಗೆ ಐದಕ್ಕೆ ಐದು, ಫೈರ್‌ವಾಲಿಗೆ ಒಂದು. ಮುಂದಿನ ಸಲ ಬರೀ ಆಂಟಿವೈರಸ್ ಇರುವ ಕಡಿಮೆ ಬೆಲೆಯ ಪ್ಯಾಕೇಜನ್ನೇ ನವೀಕರಿಸುತ್ತೇನೆ.